ತೋಟದ ನಡಿಗೆ ಬೇರೆ, ಬಿಪಿಯ ನಡಿಗೆ ಬೇರೆ

ಚಿಕ್ಕಪ್ಪನಿಗೆ ತರೀಕೆರೆ ಹತ್ತಿರ ಅಡಿಕೆ ತೋಟ, ವಯಸ್ಸು ಅರವತ್ತರ ಅಂಚು. ಅಣ್ಣನ ಮಗಳು ಅಜ್ಜಂಪುರ ಕಡೆಯ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುವುದು ಅವಳ ದಿನದ ಕೆಲಸ.

ಚಿಕ್ಕಪ್ಪ: ಡಾಕ್ಟ್ರು ಚೀಟಿ ಮೇಲೆ ‘ದಿನಾ ವಾಕಿಂಗ್’ ಅಂತ ಬರೆದುಕೊಟ್ರು. ನಗು ಬಂತು ನಂಗೆ. ಬೆಳಗ್ಗೆ ಆರಕ್ಕೆ ತೋಟಕ್ಕೆ ಇಳಿದ್ರೆ ಹನ್ನೊಂದಕ್ಕೆ ಮನೆ ಸೇರೋನು ನಾನು. ಅದೆಲ್ಲ ಕುರ್ಚಿ ಮೇಲೆ ಕೂತಿರೋರಿಗೆ ಹೇಳೋ ಮಾತು ಕಣಮ್ಮ.

ಮಗಳು: ತೋಟದಲ್ಲಿ ಏನೇನು ಮಾಡ್ತೀರಿ? ಒಂದು ದಿನದ್ದು ಹೇಳಿ ನೋಡೋಣ.

ಚಿಕ್ಕಪ್ಪ: ಮೋಟಾರ್ ಹಾಕ್ತೀನಿ. ಯಾವ ಸಾಲಿಗೆ ನೀರು ಬಿಡಬೇಕೋ ಆ ವಾಲ್ವ್ ತಿರುಗಿಸ್ತೀನಿ. ಉದುರಿದ ಕಾಯಿ ಆರಿಸ್ತೀನಿ, ಬಿದ್ದ ಹಾಳೆ ಎಳೆದು ಬದಿಗೆ ಹಾಕ್ತೀನಿ. ಇಲಿ ಡ್ರಿಪ್ ಪೈಪ್ ಕಡಿದಿದ್ರೆ ಕೂತು ಸರಿಮಾಡ್ತೀನಿ. ಆಳುಗಳು ಬಂದ್ರೆ ಜೊತೆಗೆ ನಿಂತು ಕೆಲಸ ತೋರಿಸ್ಬೇಕು.

ಮಗಳು: ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರ. ಒಂಬತ್ತು ಅಡಿ ನಡೀತೀರಿ, ನಿಂತು ತಲೆ ಎತ್ತಿ ಗೊನೆ ನೋಡ್ತೀರಿ. ಇನ್ನೊಂದು ಒಂಬತ್ತು ಅಡಿ ನಡೆದು ಬಗ್ಗಿ ಬುಡ ನೋಡ್ತೀರಿ. ಫೋನು ಜೇಬಲ್ಲಿದ್ರೆ ಸಂಜೆಗೆ ಎಂಟೋ ಒಂಬತ್ತೋ ಸಾವಿರ ಹೆಜ್ಜೆ ತೋರಿಸಬಹುದು. ಆದ್ರೆ ಅಷ್ಟರಲ್ಲಿ ಒಂದೇ ಸಮನೆ ಹತ್ತು ನಿಮಿಷ ಉಸಿರು ಜೋರಾಗಿದ್ದು ಯಾವಾಗ?

ಚಿಕ್ಕಪ್ಪ: ಹಂದಿ ಬಂದಾಗ.

ಮಗಳು: ದಿನಾ ಬರೋ ಹಾಗಿದ್ರೆ ನಾನು ಈ ಮಾತೇ ಎತ್ತುತ್ತಿರಲಿಲ್ಲ ಚಿಕ್ಕಪ್ಪ. ತೋಟದ ಕೆಲಸ ಲೆಕ್ಕಕ್ಕೇ ಇಲ್ಲ ಅಂತ ನಾನು ಅಂದಿಲ್ಲ. ಗುದ್ದಲಿ ಹಿಡಿದು ಅರ್ಧ ಗಂಟೆ ಬಿಡದೆ ಬಸಿಗಾಲುವೆ ತೋಡಿದ್ರೆ ಅದು ಚೆನ್ನಾಗೇ ಲೆಕ್ಕಕ್ಕೆ ಬರುತ್ತೆ. ತೋಡೋರು ಆಳುಗಳು, ನೀವು ದಂಡೆ ಮೇಲೆ. ಇನ್ನು ಚೀಲ ಎತ್ತೋದು ಬೇರೆ ಥರ. ಉಸಿರು ಬಿಗಿಹಿಡಿದು ಭಾರ ಎತ್ತಿದ ಆ ಕ್ಷಣಕ್ಕೆ ಬಿಪಿ ಏರುತ್ತೆ. ದಿನವಿಡೀ ಹಾಗೆ ಎತ್ತಿ, ನಿಂತು, ಸುಧಾರಿಸಿಕೊಳ್ಳೋಕೆ ಬಿಡುವಿಲ್ಲದೆ ದುಡಿಯೋರಿಗೆ ನಡಿಗೆಯವರಿಗೆ ಸಿಗೋ ಲಾಭ ಸಿಗಲ್ಲ ಅನ್ನೋದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಕಡೆ ಈರುಳ್ಳಿ ಚೀಲ ಹೊರೋ ಗಟ್ಟಿ ಆಳುಗಳ ಬಿಪಿ 160 ಬಂದಾಗ ಅವರಿಗೂ ನಂಬಿಕೆ ಬರಲ್ಲ.

ಚಿಕ್ಕಪ್ಪ: ಸರಿ, ಹಾಗಾದ್ರೆ ಹೆಂಗೆ ನಡೀಬೇಕು? ಓಡಬೇಕಾ?

ಮಗಳು: ಓಡೋದು ಬೇಡ. ಬಸ್ಸು ನಿಂತಿದೆ, ಇನ್ನೇನು ಹೊರಡುತ್ತೆ ಅನ್ನೋವಾಗ ನಡೀತೀರಲ್ಲ, ಆ ಬಿರುಸು ಸಾಕು. ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಆದ್ರೆ ಹಾಡು ಹೇಳೋಕೆ ಹೋದ್ರೆ ಉಸಿರು ಸಾಲಬಾರದು. ಹಾಡೂ ಸಲೀಸಾಗಿ ಬಂದ್ರೆ ನಿಧಾನ ಆಯ್ತು. ಮಾತೇ ತುಂಡು ತುಂಡಾದ್ರೆ ಜಾಸ್ತಿ ಆಯ್ತು. ಇಲ್ಲ, ಲೆಕ್ಕವೇ ಬೇಕು ಅಂದ್ರೆ ಗಡಿಯಾರ ನೋಡಿ ಕಾಲು ನಿಮಿಷ ಹೆಜ್ಜೆ ಎಣಿಸಿ. ಇಪ್ಪತ್ತೈದು ದಾಟಬೇಕು. ಅಂದ್ರೆ ನಿಮಿಷಕ್ಕೆ ನೂರು, ಗಂಟೆಗೆ ಸುಮಾರು ಐದು ಕಿಲೋಮೀಟರ್ ವೇಗ.

ಚಿಕ್ಕಪ್ಪ: ಅದೂ ಮಾಡಿ ನೋಡಿದೆ. ನಿನ್ನೆ ಬೆಳಗ್ಗೆ ಅರ್ಧ ಗಂಟೆ ಬಿರುಸಾಗಿ ಹೋಗಿ ಬಂದೆ. ಬಂದವನೇ ಚಪ್ಪಲಿ ಬಿಟ್ಟು ಮಿಷನ್ ಹಾಕಿಕೊಂಡೆ. 168! ಹೋಗೋ ಮುಂಚೆ 150 ಇತ್ತು. ನಿಮ್ಮ ಔಷಧಿ ಉಲ್ಟಾ ಹೊಡೀತು.

ಮಗಳು: ಉಲ್ಟಾ ಹೊಡೀಲಿಲ್ಲ, ನೀವು ಅಳೆದ ಹೊತ್ತು ತಪ್ಪು. ನಡೆಯೋವಾಗ ಕಾಲಿನ ಸ್ನಾಯುಗಳಿಗೆ ರಕ್ತ ಹೆಚ್ಚು ಬೇಕು, ಹೃದಯ ಜೋರಾಗಿ ತಳ್ಳುತ್ತೆ, ಮೇಲಿನ ಬಿಪಿ ಏರಲೇಬೇಕು. ನಿಂತ ಮೇಲೆ ಅದು ಇಳಿಯುತ್ತೆ. ಮೊದಲಿದ್ದ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತೆ. ಬಿಪಿ ಇರೋರಲ್ಲಿ ಆ ಇಳಿಕೆ ಹಲವು ಗಂಟೆ ಇರುತ್ತೆ, ಕೆಲವರಿಗೆ ಮಾರನೇ ದಿನದ ತನಕ. ನೀವು ಅದು ಬರೋಕೆ ಬಿಡದೆ ಬಾಗಿಲಲ್ಲೇ ಅಳೆದ್ರಿ.

ಚಿಕ್ಕಪ್ಪ: ಯಾಕೆ ಕೆಳಗೆ ಹೋಗುತ್ತೆ?

ಮಗಳು: ನಿಮ್ಮ ಡ್ರಿಪ್ ಲೈನನ್ನೇ ನೆನೆಸಿಕೊಳ್ಳಿ. ಪೈಪಿನೊಳಗೆ ಒತ್ತಡ ಹೆಚ್ಚಾಗೋಕೆ ಎರಡು ಕಾರಣ: ಮೋಟಾರ್ ಜೋರಾಗಿ ತಳ್ಳಬೇಕು, ಇಲ್ಲಾ ಮುಂದಿನ ವಾಲ್ವ್ ಮುಚ್ಚಿಕೊಂಡಿರಬೇಕು. ಬಿಪಿ ಹಳೇದಾದ ಬಹಳ ಜನರಲ್ಲಿ ತೊಂದರೆ ಇರೋದು ವಾಲ್ವಿನ ಕಡೆ. ಅಂದ್ರೆ ಮೈಯೆಲ್ಲ ಹರಡಿರೋ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಬಿರುಸಾಗಿ ನಡೆದಾಗ ರಕ್ತ ರಭಸದಿಂದ ನಾಳದ ಒಳಗೋಡೆ ಉಜ್ಜಿಕೊಂಡು ಹರಿಯುತ್ತೆ. ಆ ಉಜ್ಜಾಟಕ್ಕೆ ಗೋಡೆಯ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹುಟ್ಟಿಸ್ತವೆ, ಅದು ನಾಳವನ್ನು ಸಡಿಲ ಮಾಡುತ್ತೆ. ಜೊತೆಗೆ ನಾಳಗಳನ್ನ ಬಿಗಿಹಿಡಿಯೋ ನರಗಳ ಹಿಡಿತವೂ ಕಮ್ಮಿಯಾಗುತ್ತೆ. ವಾರಗಟ್ಟಲೆ ಬಿಡದೆ ನಡೆದ್ರೆ ಈ ಸಡಿಲಿಕೆ ಒಂದಷ್ಟು ಕಾಯಮ್ಮಾಗಿ ನಿಲ್ಲುತ್ತೆ.

ಚಿಕ್ಕಪ್ಪ: ತೂಕ ಇಳಿಯೋದ್ರಿಂದ ಅಲ್ವಾ ಬಿಪಿ ಇಳಿಯೋದು? ನಾನಂತೂ ಸಣ್ಣಕ್ಕೇ ಇದೀನಿ.

ಮಗಳು: ತೂಕ ಇಳಿದ್ರೆ ಇನ್ನೂ ಒಳ್ಳೇದು. ಇಳಿಯದಿದ್ರೂ ನಡಿಗೆ ಕೆಲಸ ಮಾಡುತ್ತೆ. ಕಡೂರಿನ ನಮ್ಮ ಮಾವ ಗೊತ್ತಲ್ಲ, ತೆಂಗಿನಕಾಯಿ ವ್ಯಾಪಾರ? ದಿನವಿಡೀ ಅಂಗಡಿ ಗಲ್ಲಾ ಮುಂದೆ ಕೂರೋರು. ಅವರದೊಂದು ಪುಸ್ತಕ ನನ್ನ ಹತ್ರ ಇದೆ, ವ್ಯಾಪಾರಿ ಆದ್ರಿಂದ ಅಚ್ಚುಕಟ್ಟಾಗಿ ಬರೆದಿದ್ದಾರೆ. ಮೂರು ತಿಂಗಳಲ್ಲಿ ತೂಕ ಇಳಿದಿದ್ದು ಒಂದೇ ಕೆಜಿ. ಬಿಪಿ ಮಾತ್ರ ಇಳೀತು.

ಚಿಕ್ಕಪ್ಪ: ಎಷ್ಟು?

ಮಗಳು: ಮೊದಲ ವಾರ ಅವರು ನಡೆಯಲೇ ಇಲ್ಲ, ಬರೀ ಅಳೆದರು. ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆದ್ವಿ: ಮೇಲಿನದು 147, ಕೆಳಗಿನದು 91. ಆಗಲೇ ಅಮ್ಲೋಡಿಪಿನ್ 5 ಮಿಲಿಗ್ರಾಂ ನಡೀತಿತ್ತು. ಆಮೇಲೆ ಎರಡು ವಾರ ದಿನಕ್ಕೆ ಹತ್ತು ನಿಮಿಷ, ಮತ್ತೆರಡು ವಾರ ಇಪ್ಪತ್ತು, ಐದನೇ ವಾರದಿಂದ ಮೂವತ್ತು. ವಾರಕ್ಕೆ ಐದು ದಿನ. ಹೆದ್ದಾರಿಯಲ್ಲಿ ಲಾರಿಗಳ ಕಾಟ, ಅದಕ್ಕೆ ಬೆಳಗ್ಗೆ ಮೈದಾನದಲ್ಲಿ ಸುತ್ತು ಹಾಕ್ತಿದ್ರು. ಕಡೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ಬೇಸಿಗೆಯಲ್ಲಿ ಎಂಟಾದ್ರೆ ನಿಲ್ಲೋಕಾಗಲ್ಲ. ನಾಲ್ಕನೇ ವಾರ ಸರಾಸರಿ 145. ಅವರಿಗೆ ಬೇಜಾರಾಯ್ತು. ಹನ್ನೆರಡನೇ ವಾರ 140, ಕೆಳಗಿನದು 87.

ಚಿಕ್ಕಪ್ಪ: ಮೂರು ತಿಂಗಳು ಬೆವರು ಸುರಿಸಿ ಬರೀ ಏಳಾ?

ಮಗಳು: ಏಳು ಚೆನ್ನಾಗೇ ಬಂತು ಅನ್ನಿ. ಬಿಪಿಗೆ ನಡಿಗೆ ಕೊಟ್ಟು ನೋಡಿದ 73 ಪ್ರಯೋಗಗಳನ್ನ ಒಟ್ಟುಗೂಡಿಸಿ 2021ರಲ್ಲಿ ಕಾಕ್ರೇನ್ ಸಂಸ್ಥೆ ಒಂದು ವಿಮರ್ಶೆ ತಂತು. ಅದರಲ್ಲಿ ಮೇಲಿನ ಬಿಪಿ ಸರಾಸರಿ ಇಳಿದಿದ್ದು ನಾಲ್ಕು, ಕೆಳಗಿನದು ಎರಡರ ಹತ್ತಿರ. ಅವರಲ್ಲಿ ಬಿಪಿ ಇಲ್ಲದವರೂ ಇದ್ದರು. ಬಿಪಿ ಜಾಸ್ತಿ ಇರೋರಿಗೆ ಇಳಿಕೆಯೂ ಜಾಸ್ತಿ, ಐದರಿಂದ ಎಂಟು ಅಂದುಕೊಳ್ಳಿ. ಒಂದು ಮಾತ್ರೆ, ಮಾಮೂಲಿ ಪ್ರಮಾಣದಲ್ಲಿ, ಸುಮಾರು ಒಂಬತ್ತು ಇಳಿಸುತ್ತೆ. ಅಂದ್ರೆ ನಡಿಗೆ ಅರ್ಧ ಮಾತ್ರೆ, ಚೆನ್ನಾಗಿ ಮಾಡಿದ್ರೆ ಮುಕ್ಕಾಲು ಮಾತ್ರೆ. ಮೇಲಿನದು ಐದು ಇಳಿದ್ರೆ ಹೃದಯಾಘಾತ, ಲಕ್ವದಂಥ ದೊಡ್ಡ ಹೊಡೆತಗಳು ನೂರಕ್ಕೆ ಹತ್ತರಷ್ಟು ಕಮ್ಮಿ ಆಗ್ತವೆ ಅನ್ನೋದು ಮಾತ್ರೆಗಳ ಪ್ರಯೋಗದಲ್ಲಿ ಗೊತ್ತಾಗಿರೋ ವಿಷಯ. ಹಾಗೆ ನೋಡಿದ್ರೆ ಐದು ಸಣ್ಣದಲ್ಲ.

ಚಿಕ್ಕಪ್ಪ: ಮಿಷನ್ ಬೆಳಗ್ಗೆ 150, ಮಧ್ಯಾಹ್ನ 138, ರಾತ್ರಿ 155 ತೋರಿಸುತ್ತೆ. ಇದರೊಳಗೆ ನಿನ್ನ ಐದನ್ನ ಎಲ್ಲಿ ಹುಡುಕಲಿ?

ಮಗಳು: ಅಲ್ಲೇ ಎಲ್ಲರೂ ಎಡವೋದು. ಬಿಪಿ ಒಂದೇ ದಿನದಲ್ಲಿ ಹತ್ತು ಹದಿನೈದು ಆಚೀಚೆ ಆಡುತ್ತೆ. ಒಂದೊಂದು ಸಲದ ಅಳತೆ ನೋಡಿದ್ರೆ ಐದರ ಇಳಿಕೆ ಕಾಣೋದೇ ಇಲ್ಲ. ಒಂದು ದಿನ 136 ಬಂದ್ರೆ ಹಿಗ್ತೀರಿ, ಮಾರನೇ ದಿನ 152 ಬಂದ್ರೆ ನಡಿಗೆ ಬಿಡ್ತೀರಿ. ಎರಡೂ ತಪ್ಪು. ವಾರದ ಸರಾಸರಿಯನ್ನ ವಾರದ ಸರಾಸರಿ ಜೊತೆ ಇಡಬೇಕು, ಅದೂ ಎರಡು ಮೂರು ತಿಂಗಳ ಅಂತರದಲ್ಲಿ. ಅಳೆಯೋ ಹೊತ್ತೂ ಒಂದೇ ಇರಬೇಕು. ಕಾಫಿ, ಬೀಡಿ, ತಂಬಾಕು ಹಾಕಿದ ಎಲೆಅಡಿಕೆ, ಇದ್ಯಾವುದೂ ಹಿಂದಿನ ಅರ್ಧ ಗಂಟೆ ಇರಬಾರದು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇರೋ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲು ಮೇಲೆ ಕಾಲು ಹಾಕಬಾರದು. ತೋಳು ಎದೆ ಮಟ್ಟಕ್ಕೆ ಟೇಬಲ್ ಮೇಲಿರಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ.

ಚಿಕ್ಕಪ್ಪ: ನಾನು ಜಗಲಿ ಮೇಲೆ ಚಕ್ಕಳಮಕ್ಕಳ ಹಾಕಿ, ಕೈನ ತೊಡೆ ಮೇಲಿಟ್ಟು ಅಳೀತೀನಿ. ಪಕ್ಕದಲ್ಲಿ ನಿಮ್ಮ ಚಿಕ್ಕಮ್ಮ ಎಷ್ಟು ಬಂತು, ಎಷ್ಟು ಬಂತು ಅಂತಿರ್ತಾಳೆ.

ಮಗಳು: ತೋಳು ಕೆಳಗಿಟ್ಟರೂ ಹೆಚ್ಚು ತೋರಿಸುತ್ತೆ, ಮಾತಾಡಿದ್ರೂ ಹೆಚ್ಚು ತೋರಿಸುತ್ತೆ. ಮೂರು ತಿಂಗಳ ನಡಿಗೆಯಿಂದ ಬರೋ ಇಳಿಕೆಯಷ್ಟೇ ದೊಡ್ಡ ತಪ್ಪನ್ನ ಕೂರೋ ಭಂಗಿಯೊಂದೇ ಮಾಡಬಲ್ಲದು. ಮನೆಯಲ್ಲಿ ಸರಿಯಾಗಿ ಅಳೆದ ಸರಾಸರಿ 135/85ರ ಒಳಗಿರಬೇಕು. ಆಸ್ಪತ್ರೆಯಲ್ಲಿ ನೋಡೋ 140/90ಕ್ಕೆ ಇದು ಸಮ.

ಚಿಕ್ಕಪ್ಪ: ಸರಿ, ವಾರಕ್ಕೆ ಎಷ್ಟು ನಡೆದ್ರೆ ಸಾಕು ಅಂತ ಒಂದೇ ಮಾತಲ್ಲಿ ಹೇಳಿಬಿಡು.

ಮಗಳು: ನೂರೈವತ್ತು ನಿಮಿಷ. ದಿನಕ್ಕೆ ಅರ್ಧ ಗಂಟೆ, ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು 150ರಿಂದ 300. ಬಿಪಿಯ ಮಟ್ಟಿಗೆ 150ರ ತನಕ ನಿಮಿಷ ಏರಿದ ಹಾಗೆ ಇಳಿಕೆಯೂ ಏರುತ್ತಾ ಹೋಗುತ್ತೆ. ಅದಕ್ಕಿಂತ ಹೆಚ್ಚು ನಡೆದ್ರೆ ಹೃದಯಕ್ಕೆ, ಸಕ್ಕರೆಗೆ ಬೇರೆ ಉಪಯೋಗ ಇದೆ, ಬಿಪಿಗೆ ಅಷ್ಟು ಜಾಸ್ತಿ ಏನೂ ಸಿಗಲ್ಲ. ಅರ್ಧ ಗಂಟೆ ಒಟ್ಟಿಗೇ ಸಿಗದಿದ್ರೆ ಬೆಳಗ್ಗೆ ಹದಿನೈದು, ಸಂಜೆ ಹದಿನೈದು ಮಾಡಿ. ವಾರಕ್ಕೆ 90 ನಿಮಿಷವೇ ಆಗೋದು ಅಂದ್ರೆ ಅದೂ ಆಗಲಿ, ಇಳಿಕೆ ಕಮ್ಮಿ ಬರುತ್ತೆ ಅಷ್ಟೇ. ಒಂದೇ ಒಂದು ಮಾಡಬೇಡಿ. ಐದು ದಿನದ್ದನ್ನ ಭಾನುವಾರ ಒಂದೇ ಸಲಕ್ಕೆ ತೀರಿಸೋಕೆ ಹೋಗಬೇಡಿ. ಒಂದು ಸಲ ನಡೆದಿದ್ದರ ಇಳಿಕೆ ಒಂದು ದಿನಕ್ಕೆ, ಮಾತ್ರೆ ಥರ. ಎರಡು ದಿನ ಬಿಡುವು ಬಂದ್ರೆ ಪರವಾಗಿಲ್ಲ.

ಚಿಕ್ಕಪ್ಪ: ಕೊಯ್ಲಿನ ಟೈಮಲ್ಲಿ ಎರಡು ದಿನ ಅಲ್ಲ, ತಿಂಗಳೇ ಹೋಗುತ್ತೆ. ಸುಲಿಯೋದು, ಬೇಯಿಸೋದು, ಒಣಗಿಸೋದು, ಮೋಡ ಬಂದ್ರೆ ಓಡಿ ಮುಚ್ಚೋದು.

ಮಗಳು: ಮಾವನಿಗೂ ಹಾಗೇ ಆಯ್ತು. ಮಗಳ ಮದುವೆ ಅಂತ ಮೂರು ವಾರ ನಡಿಗೆ ನಿಂತ್ಹೋಯ್ತು. ಹಪ್ಪಳ, ಉಪ್ಪಿನಕಾಯಿ ಊಟ ಬೇರೆ. ಆಮೇಲೆ ಅಳೆದರೆ 146. ತಿಂಗಳುಗಟ್ಟಲೆ ಗಳಿಸಿದ್ದು ಎರಡು ಮೂರು ವಾರದಲ್ಲಿ ಕರಗುತ್ತೆ, ಇದು ಎಲ್ಲರಿಗೂ ಹಾಗೇ. ಅದಕ್ಕೇ ಕೊಯ್ಲಿನಲ್ಲಿ ಅರ್ಧ ಗಂಟೆ ಆಗದಿದ್ರೂ ಹತ್ತು ನಿಮಿಷ ಬಿಡಬೇಡಿ. ಮಳೆಗಾಲಕ್ಕೂ ಒಂದು ಏರ್ಪಾಡು ಇಟ್ಟುಕೊಳ್ಳಿ.

ಚಿಕ್ಕಪ್ಪ: ಅದನ್ನೇ ಕೇಳಬೇಕು ಅಂತಿದ್ದೆ. ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದ್ರೆ ವಾರಗಟ್ಟಲೆ ಬಿಡಲ್ಲ.

ಮಗಳು: ಅಜ್ಜಂಪುರ ಕಡೆ ಮಳೆ ಕಮ್ಮಿ, ಆದ್ರೆ ಎರೆ ಮಣ್ಣು. ಒಂದು ಮಳೆ ಬಿದ್ರೆ ಸಾಕು, ಒಂದೊಂದು ಚಪ್ಪಲಿಗೆ ಅರ್ಧ ಕೆಜಿ ಮಣ್ಣು ಹತ್ತುತ್ತೆ, ಹೊಲದ ದಾರೀಲಿ ನಡೆಯೋ ಹಾಗೇ ಇಲ್ಲ. ಅಲ್ಲಿನವರಿಗೆ ನಾನು ಗೋಡೆಗೆ ಒರಗಿ ಕೂರೋದನ್ನ ಹೇಳಿಕೊಡ್ತೀನಿ. ಬೆನ್ನು ಗೋಡೆಗೆ ಅಂಟಿಸಿ, ಪಾದ ಒಂದೂವರೆ ಅಡಿ ಮುಂದಿಟ್ಟು, ಕುರ್ಚಿ ಇದೆಯೇನೋ ಅನ್ನೋ ಹಾಗೆ ಕೆಳಗೆ ಜಾರಿ ಅಲ್ಲೇ ನಿಲ್ಲೋದು. ಎರಡು ನಿಮಿಷ ಹಿಡಿದು, ಎರಡು ನಿಮಿಷ ಸುಧಾರಿಸಿಕೊಂಡು, ಹೀಗೆ ನಾಲ್ಕು ಸಲ. ವಾರಕ್ಕೆ ಮೂರು ದಿನ.

ಚಿಕ್ಕಪ್ಪ: ಇಸ್ಕೂಲಲ್ಲಿ ಮೇಷ್ಟ್ರು ಕೊಡ್ತಿದ್ದ ಶಿಕ್ಷೆ ಅಲ್ವೇನೆ ಇದು?

ಮಗಳು: ಅದೇ. 2023ರಲ್ಲಿ 270 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಅಲುಗಾಡದೆ ಹಿಡಿದು ನಿಲ್ಲೋ ಇಂಥ ವ್ಯಾಯಾಮಗಳಲ್ಲಿ ಮೇಲಿನ ಬಿಪಿ ಸರಾಸರಿ ಎಂಟು ಇಳಿದಿತ್ತು. ನಡಿಗೆ, ಸೈಕಲ್ಲು, ಓಟದ ಗುಂಪಿನಲ್ಲಿ ನಾಲ್ಕೂವರೆ. ಭಾರ ಎತ್ತಿ ಇಳಿಸೋ ವ್ಯಾಯಾಮದಲ್ಲೂ ಹತ್ರ ಹತ್ರ ಅಷ್ಟೇ.

ಚಿಕ್ಕಪ್ಪ: ಹಾಗಾದ್ರೆ ನಡಿಗೆ ಯಾಕೆ? ಹದಿನಾಲ್ಕು ನಿಮಿಷ ಗೋಡೆಗೆ ಒರಗಿ ಎದ್ದು ಬರ್ತೀನಿ.

ಮಗಳು: ಬಿಪಿ ಒಂದನ್ನೇ ನೋಡಿದ್ರೆ ನಿಮ್ಮ ಮಾತು ಸರಿ. ಆದ್ರೆ ಹಿಡಿದು ನಿಲ್ಲೋ ಪ್ರಯೋಗಗಳು ಸಂಖ್ಯೆಯಲ್ಲಿ ಕಮ್ಮಿ, ಗುಂಪುಗಳೂ ಸಣ್ಣವು. ಹೃದಯಕ್ಕೆ, ಸಕ್ಕರೆಗೆ ನಡಿಗೆಯಿಂದ ಆಗೋ ಒಳ್ಳೇದಕ್ಕೆ ಬಹಳ ವರ್ಷಗಳ ಆಧಾರ ಇದೆ. ಮತ್ತೆ ಗೋಡೆ ಕೂರೋವಾಗ ಬಿಪಿ ಆ ಕ್ಷಣಕ್ಕೆ ಚೆನ್ನಾಗೇ ಏರುತ್ತೆ. ಉಸಿರು ಬಿಗಿಹಿಡಿದ್ರೆ ಇನ್ನೂ ಜಾಸ್ತಿ, ಅದಕ್ಕೆ ಬಾಯಿಬಿಟ್ಟು ಎಣಿಸುತ್ತಾ ನಿಲ್ಲಿ ಅಂತೀನಿ. ಮೇಲಿನದು 160 ದಾಟಿರೋರು ಡಾಕ್ಟ್ರನ್ನ ಕೇಳದೆ ಮಾಡಬಾರದು. ಮೊಣಕಾಲು ನೋವಿರೋ ಚಿಕ್ಕಮ್ಮನಂಥವರು ಪೂರ್ತಿ ಜಾರೋದು ಬೇಡ, ಅರ್ಧಕ್ಕೇ ನಿಂತ್ರೆ ಸಾಕು, ಮೂವತ್ತು ಸೆಕೆಂಡಿನಿಂದ ಶುರುಮಾಡಿದ್ರೂ ಆಯ್ತು. ನನ್ನ ಕೇಳಿದ್ರೆ ನಡಿಗೆ ಊಟ, ಇದು ಪಲ್ಯ.

ಚಿಕ್ಕಪ್ಪ: ಇಷ್ಟೆಲ್ಲ ಮಾಡಿದ ಮೇಲೆ ಮಾತ್ರೆ ಬಿಡಬಹುದು ತಾನೆ?

ಮಗಳು: ಮಾವನೂ ಅದನ್ನೇ ಕೇಳಿದ್ರು. ಅವರ 140 ಇನ್ನೂ ಗೆರೆಯ ಮೇಲೇ ಇತ್ತು. ಮದುವೆ ಮುಗಿದು ಮತ್ತೆ ನಡಿಗೆ ಹಿಡಿದ ಮೇಲೂ 139ಕ್ಕೆ ನಿಂತಿತು. ಪುಸ್ತಕ ತಗೊಂಡು ಡಾಕ್ಟ್ರ ಹತ್ರ ಹೋದ್ರು. ಅವರು ಇನ್ನೊಂದು ಸಣ್ಣ ಮಾತ್ರೆ ಸೇರಿಸಿದ್ರು, ಈಗ 130ರ ಆಸುಪಾಸು. ನಡೆಯದೆ ಇದ್ದಿದ್ರೆ ಬಹುಶಃ ಅದೂ ಸಾಲ್ತಿರಲಿಲ್ಲ. ಗೆರೆಯ ಹತ್ತಿರವೇ ಇರೋರಿಗೆ, ಹೊಸದಾಗಿ ಬಿಪಿ ಬಂದೋರಿಗೆ, ನಡಿಗೆ ಮಾತ್ರೆಯನ್ನ ದೂರ ಇಡಬಹುದು. 160 ಇರೋರನ್ನ ನಡಿಗೆ ಒಂದೇ 135ಕ್ಕೆ ತರಲ್ಲ. ಮಾತ್ರೆ ಇಳಿಸೋದು, ಬಿಡೋದು ಎಲ್ಲ ಪುಸ್ತಕ ನೋಡಿ ಡಾಕ್ಟ್ರು ಮಾಡೋ ಕೆಲಸ. ನಿಮ್ಮದು ಯಾವ ಮಾತ್ರೆ?

ಚಿಕ್ಕಪ್ಪ: ಅಟೆನಲಾಲ್ ಅಂತ ಇದೆ. ಹಳೇದು, ಹತ್ತು ವರ್ಷದಿಂದ. ಈಗ ಮೂತ್ರ ಹೆಚ್ಚು ಹೋಗೋದೊಂದು ಸೇರಿಸಿದ್ದಾರೆ.

ಮಗಳು: ಹಾಗಾದ್ರೆ ನಾಡಿ ಎಣಿಸಿ ವೇಗ ನೋಡೋಕೆ ಹೋಗಬೇಡಿ. ಅಟೆನಲಾಲ್ ನಾಡಿಯನ್ನ ಏರೋಕೆ ಬಿಡಲ್ಲ, ಎಷ್ಟು ಬಿರುಸಾಗಿ ನಡೆದ್ರೂ ನಿಧಾನ ಅಂತಲೇ ತೋರಿಸುತ್ತೆ. ನಿಮಗೆ ಮಾತಿನ ಪರೀಕ್ಷೆಯೇ ಸರಿ. ಮೂತ್ರದ ಮಾತ್ರೆ ತಗೊಂಡು ಬಿಸಿಲಲ್ಲಿ ನಡೆದ್ರೆ ನೀರು ಕಮ್ಮಿಯಾಗಿ ತಲೆ ಸುತ್ತಬಹುದು, ತಂಪು ಹೊತ್ತಲ್ಲೇ ಹೋಗಿ. ನಿಲ್ಲಿಸೋವಾಗಲೂ ಗಕ್ಕನೆ ನಿಲ್ಲಬೇಡಿ. ಸಡಿಲಗೊಂಡ ನಾಳಗಳಲ್ಲಿ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತೆ. ಕೊನೆಯ ಐದು ನಿಮಿಷ ನಿಧಾನ ಮಾಡಿ ಮನೆ ಸೇರಿ.

ಚಿಕ್ಕಪ್ಪ: ಯಾವತ್ತು ಹೋಗಲೇಬಾರದು?

ಮಗಳು: ಕೂತಾಗಲೇ ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ರೆ ನಡಿಗೆಗೆ ಅಲ್ಲ, ಆಸ್ಪತ್ರೆಗೆ ಹೋಗಬೇಕು. ಜ್ವರ ಇದ್ದ ದಿನವೂ ಬೇಡ. ನಡೆಯೋವಾಗ ಎದೆ ಹಿಂಡಿದ ಹಾಗಾದ್ರೆ, ದವಡೆಗೋ ತೋಳಿಗೋ ನೋವು ಇಳಿದ್ರೆ, ಯಾವತ್ತೂ ಇಲ್ಲದಷ್ಟು ಏದುಸಿರು ಬಂದ್ರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಇರಬಹುದು ಅಂತ ಮನೆ ತನಕ ನಡೆದು ಬರಬೇಡಿ.

ಚಿಕ್ಕಪ್ಪ: ಆಯ್ತು ಕಣಮ್ಮ. ನಾಳೆ ಬೆಳಗ್ಗೆಯಿಂದಲೇ ಶುರು. ಬೇಲಿ ದಾಟಿ ರಸ್ತೆಗೆ ಬಂದು ಅರ್ಧ ಗಂಟೆ.

ಮಗಳು: ನಾಳೆ ಬೇಡ. ಒಂದು ವಾರ ಮೊದಲು ಬರೀ ಅಳೀರಿ, ಕುರ್ಚಿಯಲ್ಲಿ ಕೂತು, ಚಿಕ್ಕಮ್ಮನ್ನ ಅಡುಗೆಮನೆಗೆ ಕಳಿಸಿ. ಶುರುವಿನ ಸರಾಸರಿ ಪುಸ್ತಕದಲ್ಲಿ ಇಲ್ಲದಿದ್ರೆ ಮೂರು ತಿಂಗಳಾದ ಮೇಲೆ ಇಳೀತೋ ಇಲ್ವೋ ಅಂತ ನಾವಿಬ್ಬರೂ ಜಗಳ ಆಡಬೇಕಾಗುತ್ತೆ. ಮುಂದಿನ ವಾರ ಹತ್ತು ನಿಮಿಷದಿಂದ ಹಿಡೀರಿ, ಅರ್ಧ ಗಂಟೆಯಿಂದಲ್ಲ.

ಚಿಕ್ಕಪ್ಪ: ಡಾಕ್ಟ್ರು ನಡೀರಿ ಅಂತಾರೆ, ನೀನು ಒಂದು ವಾರ ಕೂರಿ ಅಂತೀಯ. ಆ ಪುಸ್ತಕ ಎಂಥದು, ಅಡಿಕೆ ಲೆಕ್ಕದ್ದರ ಹಿಂದೆ ಬರೆದ್ರೆ ಆಗಲ್ವಾ?

ಮಗಳು: ಆಗುತ್ತೆ. ದಿನಾಂಕ, ಹೊತ್ತು, ಎರಡು ಸಲದ ಅಳತೆ, ಅವತ್ತು ಎಷ್ಟು ನಿಮಿಷ ನಡೆದ್ರಿ, ಇಷ್ಟು ಬರೀರಿ. ನಡೆಯದ ದಿನ ಸೊನ್ನೆ ಅಂತಲೇ ಬರೀರಿ, ಖಾಲಿ ಬಿಡಬೇಡಿ.